ರೀಲ್ಸ್ ಮೇಲಿನ ‘Original audio’ ಯಾರದ್ದು? ಒಂದು ಚೆಂಡೆ ಬಿಡ್ತಿಗೆಯ ಜಾಡು ಹಿಡಿದು

ಗೋಕರ್ಣದ ಕಡಲ ದಂಡೆಯಲ್ಲಿ ಬೈಕ್ ಓಡಿಸುವವರ ರೀಲ್ಸ್‌ಗೆ ಯಕ್ಷಗಾನದ ಚೆಂಡೆ ಪೆಟ್ಟು ಹಾಕುವುದು ಈಗ ಮಾಮೂಲಿ. ಕಾರವಾರದ ಬಂದರಿನ ಡ್ರೋನ್ ವಿಡಿಯೋಗೂ ಅದೇ, ಯಾಣದ ಬಂಡೆಗೂ ಅದೇ, ಮದುವೆ ಮನೆ ಚಪ್ಪರಕ್ಕೂ ಅದೇ. ವಿಡಿಯೋದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಖಾತೆಯ ಹೆಸರು, ಪಕ್ಕದಲ್ಲಿ ‘Original audio’ ಎಂಬ ಪಟ್ಟಿ ಓಡುತ್ತಿರುತ್ತದೆ. ನೋಡುವವರು ಆ ಹೆಸರಿನವರೇ ಇದನ್ನು ಬಾರಿಸಿದ್ದು ಅಂದುಕೊಳ್ಳುತ್ತಾರೆ. ಮುಕ್ಕಾಲು ಪಾಲು ಅದು ಬೈಕ್ ಓಡಿಸಿದವರ ಹೆಸರೇ ಆಗಿರುತ್ತದೆ.

ನನಗೆ ಪರಿಚಯದ ಹಿರಿಯ ಚೆಂಡೆಯವರೊಬ್ಬರು ಶಿರಸಿ ಹತ್ತಿರದವರು. ಒಂದು ದಿನ ಮೊಮ್ಮಗಳ ಫೋನ್ ಹಿಡಿದುಕೊಂಡು, “ತಮಾ, ಇದು ನಂದೇ ಪೆಟ್ಟು. ಈ ಹೆಸರು ಯಾರದ್ದು?” ಎಂದು ಕೇಳಿದರು. ಇಪ್ಪತ್ನಾಲ್ಕು ಸೆಕೆಂಡಿನ ತುಣುಕು. ಭಾಗವತರ ಪದದ ಕೊನೆ ಸಾಲು, ಅದರ ಬೆನ್ನಿಗೇ ಬಿಡ್ತಿಗೆ, ಅಂದರೆ ಪದದ ಬೆನ್ನಿಗೆ ಬಾರಿಸುವ ಪೆಟ್ಟುಗಳ ಸಾಲು. ಅದನ್ನು ಹಾಕಿಕೊಂಡ ರೀಲ್ಸ್ ನೂರಾರು ಇದ್ದವು. ಒಂದರಲ್ಲೂ ಹಿಮ್ಮೇಳದವರ ಹೆಸರಿಲ್ಲ. ಆ ಧ್ವನಿಯ ಮೂಲ ಹುಡುಕಿದ ಬಗೆಯನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಯಾಕಂದರೆ ‘Original audio’ ಅನ್ನುವುದು ಹೇಗೆ ಕೆಲಸ ಮಾಡುತ್ತದೆ ಎಂದು ಅದರಲ್ಲೇ ಗೊತ್ತಾಗುತ್ತದೆ.

ಮೊದಲು ಆ ಪಟ್ಟಿಯ ಅರ್ಥ ನೋಡೋಣ. ನೀವು ಇನ್‌ಸ್ಟಾಗ್ರಾಮಿಗೆ ನಿಮ್ಮ ಫೋನಿನಿಂದ ಒಂದು ವಿಡಿಯೋ ಏರಿಸುತ್ತೀರಿ. ಆ್ಯಪ್‌ನ ಸಂಗೀತ ಪಟ್ಟಿಯಿಂದ ಹಾಡು ಆರಿಸಿಕೊಂಡಿಲ್ಲ, ಬೇರೆಯವರ ಧ್ವನಿಯನ್ನೂ ಎತ್ತಿಕೊಂಡಿಲ್ಲ. ಆಗ ಆ್ಯಪ್ ಆ ವಿಡಿಯೋದೊಳಗಿನ ಧ್ವನಿಯನ್ನು ಹೊಸ ವಸ್ತು ಎಂದು ಲೆಕ್ಕಕ್ಕೆ ತೆಗೆದುಕೊಂಡು, ಅದಕ್ಕೊಂದು ಗುರುತಿನ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯ ಮುಂದೆ ನಿಮ್ಮ ಖಾತೆಯ ಹೆಸರು ಬರೆಯುತ್ತದೆ. ಅಷ್ಟೇ. ಯಾರು ಹಾಡಿದರು, ಯಾರು ಬಾರಿಸಿದರು, ರೆಕಾರ್ಡ್ ಮಾಡಿದ್ದು ಯಾರು ಎಂದು ಅದು ಕೇಳುವುದೇ ಇಲ್ಲ. ಈ ಫೈಲು ಯಾರ ಖಾತೆಯ ಮೂಲಕ ಒಳಗೆ ಬಂತು ಅನ್ನುವುದಷ್ಟೇ ಅದಕ್ಕೆ ಗೊತ್ತು.

ನಿಮ್ಮ ಖಾತೆ ಎಲ್ಲರಿಗೂ ತೆರೆದಿದ್ದರೆ ಬೇರೆಯವರು ಆ ಧ್ವನಿಯ ಹೆಸರು ಒತ್ತಿ, ‘Use audio’ ಕೊಟ್ಟು ತಮ್ಮ ವಿಡಿಯೋ ಮಾಡಬಹುದು. ಹಾಗೆ ಮಾಡಿದಾಗ ಅವರ ವಿಡಿಯೋಗೂ ಅದೇ ಗುರುತಿನ ಸಂಖ್ಯೆ ಅಂಟಿಕೊಳ್ಳುತ್ತದೆ, ನಿಮ್ಮ ಹೆಸರೂ ಅಲ್ಲೇ ಉಳಿಯುತ್ತದೆ. ಧ್ವನಿಯ ಹೆಸರು ಒತ್ತಿದಾಗ ತೆರೆಯುವ ಪುಟದಲ್ಲಿ ಕಾಣುವುದು ಈ ಒಂದೇ ಸಂಖ್ಯೆ ಹೊತ್ತ ವಿಡಿಯೋಗಳು ಮಾತ್ರ. ಎಲ್ಲ ಗೊಂದಲದ ಬೇರು ಇಲ್ಲೇ ಇದೆ. ಯಾರೋ ಒಬ್ಬರು ನಿಮ್ಮ ವಿಡಿಯೋವನ್ನು ಡೌನ್‌ಲೋಡ್ ಮಾಡಿಕೊಂಡು, ಅಥವಾ ವಾಟ್ಸಾಪಿನಲ್ಲಿ ಬಂದದ್ದನ್ನು ಎತ್ತಿಕೊಂಡು, ಬೇರೆ ಆ್ಯಪಿನಲ್ಲಿ ಕತ್ತರಿಸಿ ಮತ್ತೆ ಏರಿಸುತ್ತಾರೆ ಅಂದುಕೊಳ್ಳಿ. ಆಗ ಅದು ಇನ್ನೊಂದು ಹೊಸ ಫೈಲು. ಹೊಸ ಸಂಖ್ಯೆ, ಹೊಸ ‘Original audio’, ಹೊಸ ಹೆಸರು. ಕಿವಿಗೆ ಒಂದೇ ಧ್ವನಿ, ಆ್ಯಪ್ ಲೆಕ್ಕದಲ್ಲಿ ಎರಡು. ಹೀಗೆ ಒಂದು ಒಳ್ಳೆಯ ಬಿಡ್ತಿಗೆಗೆ ಹತ್ತಾರು ‘ಒರಿಜಿನಲ್’ ಹುಟ್ಟಿಕೊಳ್ಳುತ್ತವೆ. ಅದರಲ್ಲಿ ಯಾವುದು ಜಾಸ್ತಿ ಓಡುತ್ತದೋ ಜನ ಅದನ್ನೇ ಮೂಲ ಎಂದು ನಂಬುತ್ತಾರೆ.

ಹಾಗಾಗಿ ‘ಇದೇ ಧ್ವನಿ ಬಳಸಿದ ಬೇರೆ ವಿಡಿಯೋ ತೋರಿಸು’ ಅನ್ನುವುದು ಎರಡು ಬೇರೆ ಬೇರೆ ಕೆಲಸ. ಒಂದು, ಅದೇ ಸಂಖ್ಯೆಯ ವಿಡಿಯೋಗಳನ್ನು ನೋಡುವುದು. ಅದು ಸುಲಭ, ಒಂದು ಸಲ ಒತ್ತಿದರೆ ಆಯ್ತು. ಇನ್ನೊಂದು, ಬೇರೆ ಸಂಖ್ಯೆ ಹೊತ್ತು ಕೂತ ಅದೇ ಧ್ವನಿಯನ್ನು ಹುಡುಕುವುದು. ಅದಕ್ಕೆ ಯಾವ ಗುಂಡಿಯೂ ಇಲ್ಲ.

ನಾವು ಒಂದನೇ ಕೆಲಸದಿಂದ ಶುರು ಮಾಡಿದೆವು. ಚೆಂಡೆಯವರು ತೋರಿಸಿದ ರೀಲ್‌ನ ಧ್ವನಿ ಹೆಸರು ಒತ್ತಿದಾಗ ಗೋಕರ್ಣದ ಬೈಕ್ ವಿಡಿಯೋ ಮಾಡುವ ಖಾತೆಯೊಂದರ ಪುಟ ತೆರೆಯಿತು. ಈ ಪುಟದಲ್ಲಿ ವಿಡಿಯೋಗಳು ತಾರೀಕಿನ ಕ್ರಮದಲ್ಲಿ ಇರುವುದಿಲ್ಲ. ಮೊದಲು ಕಂಡದ್ದೇ ಮೊದಲು ಬಂದದ್ದು ಎಂದುಕೊಂಡರೆ ತಪ್ಪಾಗುತ್ತದೆ. ಬಾಗಿಲು ಹಾಕಿಕೊಂಡ, ಅಂದರೆ ಪ್ರೈವೇಟ್ ಖಾತೆಗಳ ವಿಡಿಯೋ ಅಲ್ಲಿ ಹೊರಗಿನವರಿಗೆ ಕಾಣುವುದಿಲ್ಲ. ಕೆಲವು ಪುಟಗಳಲ್ಲಿ ‘Contains’ ಎಂದು ಬರೆದು ಒಂದು ಹಾಡಿನ ಹೆಸರು ಇರುತ್ತದೆ. ಏರಿಸಿದ ಧ್ವನಿಯ ಒಳಗೆ ಕಂಪನಿಗಳು ಕೊಟ್ಟ ಯಾವುದೋ ಹಾಡು ಇರುವುದನ್ನು ಆ್ಯಪ್ ತಾನಾಗಿ ಗುರುತಿಸಿದಾಗ ಹೀಗೆ ಬರುತ್ತದೆ. ನಮ್ಮ ಪುಟದಲ್ಲಿ ಅದು ಇರಲಿಲ್ಲ. ಯಾಕೆ ಇರಲಿಲ್ಲ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಕೆಲಸಕ್ಕೆ ಹುಡುಕುವ ಜಾಗವೇ ಗತಿ. ಇನ್‌ಸ್ಟಾಗ್ರಾಮಿನ ಹುಡುಕಾಟದಲ್ಲಿ ‘Audio’ ಎಂಬ ವಿಭಾಗವೊಂದು ಇದೆ. ಅದು ಧ್ವನಿಗೆ ಇಟ್ಟ ಹೆಸರನ್ನು ಮಾತ್ರ ನೋಡುತ್ತದೆ, ಧ್ವನಿಯನ್ನು ಕೇಳುವುದಿಲ್ಲ. ಏರಿಸಿದವರು ‘Original audio’ ಅನ್ನುವ ಹೆಸರನ್ನು ಬದಲಾಯಿಸಬಹುದು, ಆದರೆ ಒಂದೇ ಸಲ. ಆ ಒಂದು ಸಲವನ್ನು ಬಳಸಿಕೊಂಡು ‘ಚೆಂಡೆ’ ಎಂದೋ ‘ಯಕ್ಷಗಾನ’ ಎಂದೋ ಬರೆದವರು ಸಿಗುತ್ತಾರೆ, ಉಳಿದವರು ಸಿಗುವುದಿಲ್ಲ. ಇಲ್ಲಿ ಕನ್ನಡ ಅಕ್ಷರದಲ್ಲೂ ಹುಡುಕಬೇಕು, ಇಂಗ್ಲಿಷ್ ಅಕ್ಷರದಲ್ಲೂ ಹುಡುಕಬೇಕು. ಅದರಲ್ಲೂ chande, chende ಎಂದು ಜನ ಎರಡು ಥರ ಬರೆಯುತ್ತಾರೆ. ಚಂಡೆ, ಚೆಂಡೆ ಎರಡನ್ನೂ ಹಾಕಿ ನೋಡಿದೆವು. ಬಡಗುತಿಟ್ಟು, ಬಿಡ್ತಿಗೆ, ಪ್ರಸಂಗದ ಹೆಸರು ಎಲ್ಲ ಹಾಕಿದೆವು. ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಕಾಮೆಂಟುಗಳು. ದೊಡ್ಡ ಪುಟದ ಒಂದು ರೀಲ್ ಕೆಳಗೆ ಯಾರೋ ‘ಇದು ಕುಮಟಾ ಬದಿ ಗದ್ದೆ ಬಯಲಿನ ಆಟದ್ದಲ್ವಾ’ ಎಂದು ಬರೆದಿದ್ದರು. ಚೆಂಡೆಯವರಿಗೆ ತಕ್ಷಣ ನೆನಪಾಯಿತು. 2025ರ ಫೆಬ್ರವರಿ ಕೊನೆಯ ಆಟ ಅದು. ಆಮೇಲೆ ಆ ಊರಿನ ಹೆಸರಿನಲ್ಲಿ ಹುಡುಕಿದಾಗ ಇನ್ನೆರಡು ‘Original audio’ ಸಿಕ್ಕವು. ಯೂಟ್ಯೂಬಿನಲ್ಲಿ ಇಡೀ ರಾತ್ರಿಯ ಆಟದ ವಿಡಿಯೋ ಕೂಡ ಸಿಕ್ಕಿತು.

ಈಗ ಕೈಯಲ್ಲಿ ಮೂರು ರೀಲ್, ಒಂದು ಉದ್ದ ವಿಡಿಯೋ. ಯಾವುದು ಮೊದಲು?

ಇನ್‌ಸ್ಟಾಗ್ರಾಮಿನಲ್ಲಿ ಇದಕ್ಕೆ ಸುಮಾರು ಜನರಿಗೆ ಗೊತ್ತಿಲ್ಲದ ಒಂದು ದಾರಿ ಇದೆ. ರೀಲ್‌ನ ಲಿಂಕ್ ನಕಲು ಮಾಡಿಕೊಂಡರೆ ಅದು `instagram.com/reel/` ಎಂದು ಶುರುವಾಗಿ, ಆಮೇಲೆ 11 ಅಕ್ಷರಗಳ ಒಂದು ಗುರುತು ಬರುತ್ತದೆ. ಪ್ರಶ್ನಾರ್ಥಕ ಚಿಹ್ನೆಯ ನಂತರ ಏನಿದ್ದರೂ ಬಿಟ್ಟುಬಿಡಿ. ಈ 11 ಅಕ್ಷರ ಸುಮ್ನೆ ಬಿದ್ದದ್ದಲ್ಲ. ಪೋಸ್ಟಿನ ಸಂಖ್ಯೆಯನ್ನು 64 ಅಕ್ಷರಗಳ ಲಿಪಿಯಲ್ಲಿ ಬರೆದದ್ದು ಅದು. ಆ ಸಂಖ್ಯೆ ಹೇಗೆ ಕಟ್ಟುತ್ತೇವೆ ಎಂದು ಇನ್‌ಸ್ಟಾಗ್ರಾಮಿನ ಎಂಜಿನಿಯರುಗಳೇ ಹಿಂದೆ ಬರೆದಿದ್ದರು. ಅದರ ಮುಂಭಾಗದಲ್ಲಿ ಸಮಯ ಇರುತ್ತದೆ, ಮಿಲಿಸೆಕೆಂಡಿನ ಲೆಕ್ಕದಲ್ಲಿ. ಹಾಗಾಗಿ ಗುರುತಿನ ಮೊದಲ ಎರಡು ಮೂರು ಅಕ್ಷರ ನೋಡಿದರೆ ಪೋಸ್ಟ್ ಯಾವಾಗಿನದ್ದು ಎಂದು ಹೇಳಬಹುದು.

ಲೆಕ್ಕ ಹಾಕಿದರೆ, C ಎಂದು ಶುರುವಾಗುವ ಗುರುತುಗಳು 2020ರ ಮೇ 10ರಿಂದ. D ಎಂದು ಶುರುವಾಗುವವು 2024ರ ಸೆಪ್ಟೆಂಬರ್ 17ರಿಂದ. ಭಾರತದಲ್ಲಿ ಟಿಕ್‌ಟಾಕ್ ನಿಂತದ್ದು 2020ರ ಜೂನ್ ಕೊನೆಗೆ, ರೀಲ್ಸ್ ಬಂದದ್ದು ಜುಲೈನಲ್ಲಿ. ಅಂದರೆ ನಮ್ಮ ಕಡೆಯ ರೀಲ್ಸ್ ಎಲ್ಲ C ಅಥವಾ D. ಎರಡನೇ ಅಕ್ಷರ ಸುಮಾರು 25 ದಿನಕ್ಕೆ ಒಮ್ಮೆ ಮುಂದಕ್ಕೆ ಹೋಗುತ್ತದೆ. ಮೂರನೆಯದು ಒಂಬತ್ತು ಗಂಟೆ ಚಿಲ್ಲರೆಗೆ ಒಮ್ಮೆ. ಕ್ರಮ ಮಾತ್ರ ನೆನಪಿಡಿ: ಮೊದಲು ದೊಡ್ಡ A ಯಿಂದ Z, ಆಮೇಲೆ ಸಣ್ಣ a ಯಿಂದ z, ಆಮೇಲೆ 0 ಯಿಂದ 9, ಕೊನೆಗೆ `-` ಮತ್ತು `_`. ದೊಡ್ಡಕ್ಷರ ಸಣ್ಣಕ್ಷರ ಬೆರೆಸಿಕೊಂಡರೆ ಲೆಕ್ಕ ವರ್ಷಗಟ್ಟಲೆ ತಪ್ಪುತ್ತದೆ.

ನಮ್ಮ ಬೈಕ್ ಖಾತೆಯ ರೀಲ್ DI ಎಂದು ಶುರುವಾಗಿತ್ತು. D ಆದ ಮೇಲೆ I ಎಂಟು ಮೆಟ್ಟಿಲು ಮುಂದೆ, ಅಂದರೆ ಸುಮಾರು 199 ದಿನ. 2025ರ ಏಪ್ರಿಲ್ 4ರ ನಂತರದ್ದು. ಇನ್ನೊಂದು DH, ಮಾರ್ಚ್ 10ರಿಂದ ಏಪ್ರಿಲ್ 4ರ ನಡುವಿನದ್ದು. ಮೂರನೆಯದು DG. ಅದು ಫೆಬ್ರವರಿ 13 ಮತ್ತು ಮಾರ್ಚ್ 10ರ ನಡುವೆ. ಆಟ ನಡೆದ ದಿನಕ್ಕೆ ಸರಿಯಾಗಿ ಹೊಂದುವುದು ಇದೊಂದೇ. ಅದನ್ನು ಹಾಕಿದ್ದು ಆಟ ನೋಡಲು ಹೋಗಿದ್ದ ಒಬ್ಬ ಕಾಲೇಜು ಹುಡುಗ. ಅವನ ಪುಟದಲ್ಲಿ ಬೆರಳೆಣಿಕೆಯಷ್ಟು ರೀಲ್ಸ್. ನೂರಾರು ಜನ ಬಳಸಿದ್ದು ವಾರಗಟ್ಟಲೆ ತಡವಾಗಿ ಬಂದದ್ದನ್ನು.

ರೀಲ್ ಮೇಲೇ ತಾರೀಕು ಇರುತ್ತದಲ್ಲ, ಇಷ್ಟು ಕಷ್ಟ ಯಾಕೆ ಎಂದು ಕೇಳಬಹುದು. ಒಂದೆರಡು ವಿಡಿಯೋ ಆದರೆ ತಾರೀಕು ನೋಡಿದರೆ ಸಾಕು. ನಲವತ್ತು ಐವತ್ತು ಲಿಂಕ್ ಸಾಲಾಗಿ ಇಟ್ಟುಕೊಂಡಾಗ ಕಣ್ಣಲ್ಲೇ ವಿಂಗಡಿಸಲು ಈ ಎರಡಕ್ಷರದ ಲೆಕ್ಕ ಬಹಳ ಸಲೀಸು. ಯೂಟ್ಯೂಬಿನಲ್ಲಿ ಇದು ನಡೆಯುವುದಿಲ್ಲ. ಅಲ್ಲಿನ ಗುರುತಿನಲ್ಲಿ ಸಮಯ ಇರುವುದಿಲ್ಲ, ವಿವರಣೆ ತೆರೆದು ತಾರೀಕು ನೋಡಬೇಕು.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಈಗ ಇರುವವುಗಳಲ್ಲಿ ಯಾವುದು ಮೊದಲು ಎಂದಷ್ಟೇ ಅದು ಹೇಳುತ್ತದೆ. ಅದಕ್ಕೂ ಮೊದಲು ಒಬ್ಬರು ಹಾಕಿ ಅಳಿಸಿದ್ದರೆ ಅಥವಾ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇಟ್ಟಿದ್ದರೆ ಅದು ಗೊತ್ತಾಗುವುದಿಲ್ಲ. ಮೊದಲು ಬಂದದ್ದರಿಂದಲೇ ಉಳಿದವರು ನಕಲು ಮಾಡಿದರು ಎಂದೂ ಹೇಳಲು ಬರುವುದಿಲ್ಲ. ಗದ್ದೆ ಬಯಲಿನ ಆಟದಲ್ಲಿ ನೂರು ಫೋನ್ ಮೇಲೆದ್ದಿರುತ್ತವೆ. ಬೈಕ್ ಖಾತೆಯವರ ಗೆಳೆಯರೇ ಅಲ್ಲಿ ಕೂತು ರೆಕಾರ್ಡ್ ಮಾಡಿರಬಹುದಲ್ಲ?

ಇದಕ್ಕೆ ಕಿವಿ ಬೇಕು. ಒಂದು ರೆಕಾರ್ಡಿಂಗಿನಲ್ಲಿ ಎರಡು ಥರದ ಸದ್ದು ಇರುತ್ತದೆ. ರಂಗಸ್ಥಳದ ಮೈಕಿನಿಂದ ಬಂದದ್ದು ಒಂದು, ರೆಕಾರ್ಡ್ ಮಾಡಿದವರ ಅಕ್ಕಪಕ್ಕದಲ್ಲಿ ಆದದ್ದು ಇನ್ನೊಂದು. ಹುಡುಗನ ರೀಲ್‌ನಲ್ಲಿ ಒಂಬತ್ತನೇ ಸೆಕೆಂಡಿಗೆ ಮೈಕ್ ‘ಕೂಂಯ್’ ಅನ್ನುತ್ತದೆ. ಹದಿನೇಳನೇ ಸೆಕೆಂಡಿಗೆ ಹತ್ತಿರದಲ್ಲೇ ಒಂದು ಮಗು ಅಳಲು ಶುರು ಮಾಡುತ್ತದೆ. ಯೂಟ್ಯೂಬಿನ ಉದ್ದ ವಿಡಿಯೋದಲ್ಲಿ ಆ ‘ಕೂಂಯ್’ ಇದೆ, ಮಗುವಿಲ್ಲ. ಕ್ಯಾಮೆರಾದವರು ಮೈಕ್ ಸೆಟ್ಟಿನಿಂದ ನೇರವಾಗಿ ವೈರ್ ಎಳೆದುಕೊಂಡಿದ್ದರಂತೆ. ಅಲ್ಲಿಗೆ ಮಗುವಿನ ಅಳು ಹೋಗುವುದಿಲ್ಲ. ಅಂದರೆ ಇವೆರಡೂ ಒಂದೇ ಆಟದ ಎರಡು ಬೇರೆ ರೆಕಾರ್ಡಿಂಗ್. ಬೈಕ್ ಖಾತೆಯ ಧ್ವನಿಯಲ್ಲಿ ಎರಡೂ ಇದ್ದವು, ಮಗುವಿನ ಅಳು ಅದೇ ಪೆಟ್ಟಿನ ಮೇಲೆ ಬೀಳುತ್ತಿತ್ತು. ಅಳುವ ಮಗುವಿನ ಪಕ್ಕದಲ್ಲಿ ಕೂತ ಇನ್ನೊಂದು ಫೋನ್ ಇರಬಹುದು ಎಂದು ವಾದಿಸಬಹುದು. ಆದರೆ ಕೊನೆಯಲ್ಲಿ ಹುಡುಗನ ಬೆರಳು ಫೋನಿನ ಮೈಕಿಗೆ ತಾಗಿ ಆದ ‘ಟಕ್’ ಕೂಡ ಅಲ್ಲೇ ಇತ್ತು. ಬೆರಳು ತಾಗಿದ ಸದ್ದು ಇನ್ನೊಂದು ಫೋನಿಗೆ ಬರುವುದಿಲ್ಲ.

ಕಿವಿಯ ಮೇಲೆ ನಂಬಿಕೆ ಸಾಲದಿದ್ದರೆ ಕಂಪ್ಯೂಟರಿನಲ್ಲಿ Audacity ಎಂಬ ಉಚಿತ ತಂತ್ರಾಂಶ ಸಾಕು. ಎರಡೂ ಧ್ವನಿಯನ್ನು ಒಂದರ ಕೆಳಗೆ ಒಂದು ಇಟ್ಟು, ಮೊದಲ ಚೆಂಡೆ ಪೆಟ್ಟು ಒಂದೇ ಗೆರೆಗೆ ಬರುವಂತೆ ಸರಿಸಿ. ಆಮೇಲೆ ಕೊನೆಯ ಪೆಟ್ಟು ನೋಡಿ. ಅದೂ ಸರಿಯಾಗಿ ಕೂತರೆ ಎರಡೂ ಒಂದೇ ವಾದನ. ಪೆಟ್ಟು ಪೆಟ್ಟಿಗೂ ಎರಡು ಧ್ವನಿಗಳ ನಡುವಿನ ಅಂತರ ಒಂದೇ ಸಮನಾಗಿ ಹೆಚ್ಚುತ್ತ ಹೋದರೆ ಯಾರೋ ವೇಗ ಬದಲಾಯಿಸಿದ್ದಾರೆ. ಅಂತರ ಒಮ್ಮೆ ಹೆಚ್ಚಿ ಒಮ್ಮೆ ಕಡಿಮೆಯಾದರೆ ಅದು ಬೇರೆ ರಾತ್ರಿಯ ಆಟ. ಅದೇ ಕಲಾವಿದರು, ಅದೇ ಬಿಡ್ತಿಗೆ ಆಗಿದ್ದರೂ ಪೆಟ್ಟಿನ ನಡುವಿನ ಅಂತರ ಎರಡು ರಾತ್ರಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರುವುದು ಮನುಷ್ಯರ ಕೈಯಲ್ಲಿ ಆಗುವುದಿಲ್ಲ. DH ರೀಲ್ ವೇಗ ಹೆಚ್ಚಿಸಿದ್ದು ಹೀಗೇ ಗೊತ್ತಾದದ್ದು. ಅದರಲ್ಲಿ ಭಾಗವತರ ಶ್ರುತಿ ಅರ್ಧ ಸ್ವರ ಮೇಲೆ ಇತ್ತು. ಸ್ವರ ಕಾಯದೆ ವೇಗವನ್ನು ಶೇಕಡ 6ರಷ್ಟು ಹೆಚ್ಚಿಸಿದರೆ ಅಷ್ಟೇ ಏರುತ್ತದೆ. ಸ್ವರ ಕಾಯ್ದುಕೊಂಡು ವೇಗ ಮಾತ್ರ ಬದಲಾಯಿಸುವ ಆ್ಯಪ್‌ಗಳೂ ಇವೆ. ಹಾಗಾಗಿ ಶ್ರುತಿ ಒಂದೇ ಇದ್ದರೂ ವೇಗ ಮುಟ್ಟಿಲ್ಲ ಎಂದು ಹೇಳಲಾಗದು, ಪೆಟ್ಟಿನ ಅಂತರವನ್ನೇ ನಂಬಬೇಕು.

ಇಷ್ಟೆಲ್ಲ ಕೈಯಾರೆ ಮಾಡಬೇಕಾ, ಸಿನಿಮಾ ಹಾಡು ಆದರೆ ಕ್ಷಣದಲ್ಲಿ ಹಿಡಿಯುತ್ತಾರಲ್ಲ? ಹಿಡಿಯುತ್ತಾರೆ. ಅದರ ಕೆಲಸ ಬೇರೆ. ಶಜಾಮ್‌ನಂಥ ಆ್ಯಪ್ ಹಾಡಿನ ಸದ್ದಿನಲ್ಲಿ ಎದ್ದು ಕಾಣುವ ಶಿಖರಗಳನ್ನು ಮಾತ್ರ ಆರಿಸಿಕೊಳ್ಳುತ್ತದೆ. ಯಾವ ಸ್ವರ, ಯಾವ ಕ್ಷಣದಲ್ಲಿ, ಒಂದು ಶಿಖರದಿಂದ ಮುಂದಿನದಕ್ಕೆ ಎಷ್ಟು ಹೊತ್ತು ಅನ್ನುವುದನ್ನು ಜೋಡಿ ಮಾಡಿ ಇಟ್ಟುಕೊಳ್ಳುತ್ತದೆ. ಶಜಾಮ್‌ನ ಏವರಿ ವಾಂಗ್ 2003ರಲ್ಲೇ ಈ ವಿಧಾನ ವಿವರಿಸಿ ಪ್ರಬಂಧ ಬರೆದಿದ್ದರು. ಸಣ್ಣ ಸದ್ದುಗಳು ಲೆಕ್ಕಕ್ಕಿಲ್ಲದ ಕಾರಣ ಬಸ್‌ಸ್ಟ್ಯಾಂಡಿನ ಗದ್ದಲದಲ್ಲೂ ಅದು ಹಾಡು ಗುರುತಿಸುತ್ತದೆ. ಯೂಟ್ಯೂಬಿನ ಕಂಟೆಂಟ್ ಐಡಿ 2007ರಿಂದ ಇದೆ. ಅಲ್ಲಿ ಹಕ್ಕುದಾರರು ಮೊದಲೇ ಕೊಟ್ಟ ಮೂಲ ಫೈಲಿಗೆ ಹೊಸ ವಿಡಿಯೋಗಳನ್ನು ಹೋಲಿಸಲಾಗುತ್ತದೆ.

ಇವೆಲ್ಲ ಹುಡುಕುವುದು ಅದೇ ರೆಕಾರ್ಡಿಂಗನ್ನು, ಅದೇ ಪದವನ್ನಲ್ಲ. ಆಟದ ಹಿಮ್ಮೇಳ ಅಲ್ಲಿಯೇ ನುಸುಳಿ ಹೋಗುತ್ತದೆ. ಭಾಗವತರು ಒಂದೇ ಪದವನ್ನು ಇವತ್ತು ಶಿರಸಿಯಲ್ಲಿ ಎಳೆದು ಹಾಡುತ್ತಾರೆ, ನಾಳೆ ಹೊನ್ನಾವರದಲ್ಲಿ ವೇಷಧಾರಿಯ ಕುಣಿತ ನೋಡಿ ಬೇಗ ಮುಗಿಸುತ್ತಾರೆ. ಶಿಖರಗಳ ಅಂತರ ಬೇರೆಯಾಯಿತು, ಯಂತ್ರಕ್ಕೆ ಅದು ಬೇರೆ ಹಾಡು. ಅದಕ್ಕಿಂತ ಮುಖ್ಯ ಕಾರಣ ಇನ್ನೊಂದು. ಆ ರಾತ್ರಿಯ ಆಟದ ಮೂಲ ಫೈಲನ್ನು ಯಾರೂ ಎಲ್ಲೂ ಕೊಟ್ಟಿಲ್ಲ. ಹೋಲಿಸಲು ಏನೂ ಇಲ್ಲದಾಗ ‘Contains’ ಎಂದು ಬರೆಯುವುದಾದರೂ ಏನನ್ನು? ಅಂಕೋಲಾದ ಹಾಲಕ್ಕಿಗಳ ಹಾಡಿಗೂ, ಯಲ್ಲಾಪುರ ಬದಿಯ ಸಿದ್ದಿಗಳ ಡಮಾಮಿಗೂ ಇದೇ ಕಥೆ. ಸಿನಿಮಾ ಹಾಡಿನ ಹೆಸರು ತಾನಾಗಿ ಬರುತ್ತದೆ, ಇವರ ಹೆಸರು ಯಾರಾದರೂ ಬರೆದರೆ ಮಾತ್ರ.

ಯೂಟ್ಯೂಬ್ ಶಾರ್ಟ್ಸ್ ಒಂದು ವಿಷಯದಲ್ಲಿ ಸ್ವಲ್ಪ ಮೇಲು. ಅಲ್ಲಿ ಬೇರೆಯವರ ಉದ್ದ ವಿಡಿಯೋದಿಂದಲೂ ಧ್ವನಿ ಎತ್ತಿಕೊಳ್ಳಬಹುದು. ಆ್ಯಪ್ ಒಳಗಿನಿಂದಲೇ ಎತ್ತಿಕೊಂಡರೆ ಮೂಲ ವಿಡಿಯೋದ ಕೊಂಡಿ ಶಾರ್ಟ್ಸ್ ಜೊತೆಗೇ ಬರುತ್ತದೆ. ಧ್ವನಿಯ ಗುರುತು ಒತ್ತಿದರೆ ಅದೇ ಧ್ವನಿಯ ಬೇರೆ ಶಾರ್ಟ್ಸ್ ಕಾಣುತ್ತವೆ. ಉದ್ದ ವಿಡಿಯೋ ಹಾಕುವವರು ಬೇಡವೆಂದರೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಇದನ್ನು ನಿಲ್ಲಿಸಬಹುದು, ಧ್ವನಿಗೆ ಮಾತ್ರ ಒಪ್ಪಿಗೆ ಕೊಡಲೂಬಹುದು. ನನ್ನ ಅಭಿಪ್ರಾಯದಲ್ಲಿ ಮೇಳಗಳು ಇದನ್ನು ನಿಲ್ಲಿಸುವುದಕ್ಕಿಂತ ತೆರೆದಿಡುವುದೇ ಲಾಭ. ನಿಲ್ಲಿಸಿದರೆ ಜನ ಬಳಸುವುದು ಬಿಡುವುದಿಲ್ಲ, ಡೌನ್‌ಲೋಡ್ ಮಾಡಿ ಬಳಸುತ್ತಾರೆ. ಆಗ ಕೊಂಡಿಯೂ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆ ರೆಕಾರ್ಡ್ ಮಾಡಿದವರ ಹಕ್ಕನ್ನೂ ಪ್ರದರ್ಶನ ಕೊಟ್ಟವರ ಹಕ್ಕನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಹಾಡುವವರು, ಬಾರಿಸುವವರು, ಕುಣಿಯುವವರು ಎಲ್ಲ ಪ್ರದರ್ಶಕರು. ಅವರ ಹಕ್ಕು 50 ವರ್ಷ. 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ವಿಧಿ ಪ್ರಕಾರ ‘ಇದನ್ನು ಪ್ರದರ್ಶಿಸಿದ್ದು ನಾನು’ ಎಂದು ಗುರುತಿಸಿಕೊಳ್ಳುವ ಹಕ್ಕೂ ಅವರಿಗಿದೆ. ಆ್ಯಪ್‌ನ ಪಟ್ಟಿಯಲ್ಲಿ ಯಾರ ಹೆಸರಿದೆ ಅನ್ನುವುದರಿಂದ ಈ ಹಕ್ಕು ಎಲ್ಲೂ ಹೋಗುವುದಿಲ್ಲ. ಆದರೆ ಅದಕ್ಕಾಗಿ ಕೋರ್ಟ್ ಮೆಟ್ಟಿಲು ಹತ್ತುವ ಹುಮ್ಮಸ್ಸು ನಮ್ಮ ಚೆಂಡೆಯವರಿಗೆ ಇರಲಿಲ್ಲ.

ಅವರು ಮಾಡಿದ್ದು ಬೇರೆ. ಹುಡುಗನಿಗೆ ಮೊಮ್ಮಗಳ ಕೈಯಲ್ಲಿ ಮೆಸೇಜು ಹಾಕಿಸಿದರು. ಅವನು ಗಾಬರಿಯಾಗಿ ರೀಲ್ ಅಳಿಸುತ್ತೇನೆ ಎಂದ. “ಅಳಿಸಬೇಡ ಮಾರಾಯಾ, ಹೆಸರು ಹಾಕು” ಎಂದರು ಇವರು. ಅವನು ಹೆಸರು ಬದಲಾಯಿಸುವ ಆ ಒಂದು ಅವಕಾಶವನ್ನು ಇನ್ನೂ ಬಳಸಿರಲಿಲ್ಲ. ಈಗ ಅವನ ಧ್ವನಿಯ ಹೆಸರಿನಲ್ಲಿ ಭಾಗವತರು, ಮದ್ದಳೆಯವರು, ಚೆಂಡೆಯವರು ಮೂವರೂ ಇದ್ದಾರೆ. ವಿವರಣೆಯಲ್ಲಿ ಪ್ರಸಂಗ, ಊರು, ತಾರೀಕು, ಯೂಟ್ಯೂಬಿನ ಇಡೀ ಆಟದಲ್ಲಿ ಈ ಬಿಡ್ತಿಗೆ ಎಷ್ಟನೇ ನಿಮಿಷಕ್ಕೆ ಬರುತ್ತದೆ ಅನ್ನುವುದೂ ಇದೆ, ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ. ಬೈಕ್ ಖಾತೆಯವರಿಗೂ ಬರೆದರು. ಅವರು ತಮ್ಮ ಧ್ವನಿಯ ಹೆಸರು ಬದಲಾಯಿಸುವ ಅವಕಾಶವನ್ನು ಆಗಲೇ ಮುಗಿಸಿಕೊಂಡಿದ್ದರು. ಹಾಗಾಗಿ ಮೊದಲ ಕಾಮೆಂಟಿನಲ್ಲಿ ಹಿಮ್ಮೇಳದವರ ಹೆಸರು ಬರೆದು, ಹುಡುಗನ ಖಾತೆಯನ್ನು ಟ್ಯಾಗ್ ಮಾಡಿ ಮೇಲೆ ಪಿನ್ ಮಾಡಿದರು. ಆ ಧ್ವನಿ ಬಳಸಿದ ಉಳಿದ ನೂರಾರು ರೀಲ್ಸ್‌ನ ಪಟ್ಟಿಯಲ್ಲಿ ಮಾತ್ರ ಈಗಲೂ ಓಡುತ್ತಿರುವುದು ಬೈಕ್ ಖಾತೆಯ ಹೆಸರೇ.